ಮರಣಪತ್ರದ ಭಾಷಾಂತರ: ಕಾರಣವಾಕ್ಯದಲ್ಲಿ ಗಮನಿಸಬೇಕಾದ ಸಂಗತಿಗಳು

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನ ಬದುಕಿನ ಕಾಗದಪತ್ರಗಳು ಎರಡು ಊರುಗಳಲ್ಲಿ ಹಂಚಿಹೋಗಿರುತ್ತವೆ. ದುಡಿಮೆ, ವಿಮೆ, ಬ್ಯಾಂಕಿನ ಖಾತೆ ಇವೆಲ್ಲ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದರೆ, ಜಮೀನು, ಮನೆ, ಹಿರಿಯರ ಹೆಸರಿನ ಪಹಣಿ ಇವು ಊರಿನಲ್ಲಿ ಇರುತ್ತವೆ. ಮರಣವು ಈ ಎರಡರಲ್ಲಿ ಒಂದು ಕಡೆ ಸಂಭವಿಸುತ್ತದೆ; ಅದರ ದಾಖಲೆಯನ್ನು ಮಾತ್ರ ಎರಡೂ ಕಡೆ ಒಪ್ಪಿಸಬೇಕಾಗುತ್ತದೆ. ಆಗ ಭಾಷಾಂತರದ ಅಗತ್ಯ ಬೀಳುತ್ತದೆ. ಹೆಸರು, ತಾರೀಖು, ಸ್ಥಳ ಇವುಗಳ ಭಾಷಾಂತರ ಹೆಚ್ಚು ಕಷ್ಟದ್ದಲ್ಲ. ತೊಡಕು ಹುಟ್ಟುವುದು ಮರಣದ ಕಾರಣವನ್ನು ಹೇಳುವ ಒಂದೆರಡು ಸಾಲುಗಳಲ್ಲಿ. ಆ ಸಾಲುಗಳು ತಪ್ಪಾಗಿ ಭಾಷಾಂತರಗೊಂಡರೆ ನ್ಯಾಯವಾಗಿ ಬರಬೇಕಾದ ವಿಮೆಯ ಹಣ ತಿಂಗಳುಗಟ್ಟಲೆ ತಡೆದು ನಿಲ್ಲುವುದುಂಟು.

ಎರಡು ಬೇರೆ ಬೇರೆ ಪತ್ರಗಳು

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಜನರು ಸಾಮಾನ್ಯವಾಗಿ ‘ಡೆತ್ ಸರ್ಟಿಫಿಕೇಟ್’ ಎಂದು ಕರೆಯುವ ಕಾಗದದಲ್ಲಿ ಮರಣದ ಕಾರಣ ಇರುವುದೇ ಇಲ್ಲ. ಜನನ ಮರಣಗಳ ನೋಂದಣಿ ಅಧಿನಿಯಮ, 1969ರ 17ನೆಯ ಕಲಮಿನ ಪ್ರಕಾರ, ನೋಂದಣಾಧಿಕಾರಿಯು ಸಾರ್ವಜನಿಕರಿಗೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ಹೊರಗೆಡಹುವಂತಿಲ್ಲ. ಅದರಲ್ಲಿ ಮೃತರ ಹೆಸರು, ತಂದೆ ತಾಯಿ ಅಥವಾ ಪತಿ ಪತ್ನಿಯ ಹೆಸರು, ಮರಣದ ದಿನಾಂಕ ಮತ್ತು ಸ್ಥಳ, ವಿಳಾಸ, ನೋಂದಣಿ ಸಂಖ್ಯೆ ಮತ್ತು ದಿನಾಂಕ ಇಷ್ಟೇ ಇರುತ್ತವೆ.

ಕಾರಣವು ಇರುವುದು ಬೇರೊಂದು ಪತ್ರದಲ್ಲಿ. ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ವೈದ್ಯರು ನಮೂನೆ 4ರಲ್ಲಿಯೂ, ಮನೆಯಲ್ಲಿ ತೀರಿಕೊಂಡವರಿಗೆ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಮಾಡಿದ ವೈದ್ಯರು ನಮೂನೆ 4ಎ ಎಂಬುದರಲ್ಲಿಯೂ ಮರಣಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ಬರೆಯುತ್ತಾರೆ. ಹಿಂದೆ ಇದು ನೇರವಾಗಿ ನೋಂದಣಾಧಿಕಾರಿಯ ಕಚೇರಿಗೆ ಹೋಗುತ್ತಿತ್ತು. ಮನೆಯವರ ಕೈಗೆ ಅದರ ಪ್ರತಿ ದೊರೆಯುವುದು ವೈದ್ಯರ ಸೌಜನ್ಯವನ್ನು ಅವಲಂಬಿಸಿತ್ತು. 2023ರಲ್ಲಿ ಆದ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಇದರ ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡುವುದು ಕಡ್ಡಾಯವಾಗಿದೆ. ಆದ್ದರಿಂದ ಆಸ್ಪತ್ರೆಯನ್ನು ಬಿಡುವ ಮುಂಚೆಯೇ ಈ ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಈ ಎರಡು ಪತ್ರಗಳನ್ನು ಭಾಷಾಂತರದಲ್ಲಿ ಬೆರೆಸಬಾರದು. ಕೆಲವು ಭಾಷಾಂತರಕಾರರು ಉಪಕಾರ ಮಾಡುವ ಉದ್ದೇಶದಿಂದಲೇ ಮರಣ ಪ್ರಮಾಣಪತ್ರದ ಅನುವಾದದ ಕೆಳಗೆ ‘ಕಾರಣ: ಹೃದಯಾಘಾತ’ ಎಂದು ಸೇರಿಸಿಬಿಡುತ್ತಾರೆ. ಮೂಲದಲ್ಲಿ ಇಲ್ಲದ ಸಾಲು ಅನುವಾದದಲ್ಲಿ ಕಂಡಿತೆಂದರೆ ಇಡೀ ಅನುವಾದದ ಮೇಲಿನ ನಂಬಿಕೆಯೇ ಹೋಗುತ್ತದೆ.

ಕಾರಣಪತ್ರದ ರಚನೆ

ನಮೂನೆ 4 ಎರಡು ಭಾಗಗಳಾಗಿರುತ್ತದೆ. ಮೊದಲನೆಯ ಭಾಗದಲ್ಲಿ ಒಂದರ ಕೆಳಗೊಂದು ಸಾಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಮರಣಕ್ಕೆ ಕೂಡಲೇ ಕಾರಣವಾದ ಸ್ಥಿತಿಯನ್ನು ಬರೆಯುತ್ತಾರೆ. ಅದರ ಕೆಳಗೆ, ಆ ಸ್ಥಿತಿ ಯಾವುದರ ಪರಿಣಾಮವಾಗಿ ಬಂದಿತೋ ಅದನ್ನು. ಇನ್ನೂ ಕೆಳಗೆ, ಅದಕ್ಕೂ ಮೂಲವಾದುದನ್ನು. ಹೀಗೆ ಕೆಳಗಿಳಿಯುತ್ತ ಹೋದಂತೆ ಕೊನೆಯ ಸಾಲಿನಲ್ಲಿ ಸಿಕ್ಕುವುದೇ ಮರಣದ ಮೂಲಕಾರಣ. ಎರಡನೆಯ ಭಾಗದಲ್ಲಿ ಮರಣಕ್ಕೆ ಇಂಬು ಕೊಟ್ಟ, ಆದರೆ ಆ ಸರಪಳಿಯಲ್ಲಿ ಸೇರದ ಇತರ ಕಾಯಿಲೆಗಳನ್ನು ಬರೆಯುತ್ತಾರೆ. ಪ್ರತಿ ಸಾಲಿನ ಎದುರಿಗೆ, ಆ ಸ್ಥಿತಿ ಆರಂಭವಾಗಿ ಮರಣದವರೆಗೆ ಎಷ್ಟು ಕಾಲವಾಯಿತೆಂದು ತೋರಿಸುವ ಅಂಕಣವಿರುತ್ತದೆ. ಮರಣವು ಸ್ವಾಭಾವಿಕವೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ ಅಥವಾ ವಿಚಾರಣೆಯಲ್ಲಿದೆಯೋ ಎಂಬುದಕ್ಕೆ ಪ್ರತ್ಯೇಕ ಅಂಕಣವಿದೆ.

ಭಾಷಾಂತರಕಾರನಿಗೆ ಇಲ್ಲಿಯೇ ಮೊದಲನೆಯ ಅಪಾಯ ಕಾದಿರುತ್ತದೆ. ಕನ್ನಡದ ವಾಕ್ಯವು ಕಾರಣವನ್ನು ಮೊದಲು ಹೇಳಿ ಪರಿಣಾಮವನ್ನು ಅನಂತರ ಹೇಳುತ್ತದೆ: ‘ಬಿದ್ದುದರಿಂದ ಮೂಳೆ ಮುರಿದು, ಅದರಿಂದ ರಕ್ತ ಹೆಪ್ಪುಗಟ್ಟಿ’ ಎಂದು. ನಮೂನೆಯು ಇದಕ್ಕೆ ತದ್ವಿರುದ್ಧವಾಗಿ ಪರಿಣಾಮದಿಂದ ಕಾರಣದ ಕಡೆಗೆ ಇಳಿಯುತ್ತದೆ. ಸಾಲುಗಳನ್ನು ಒಂದು ಸುಂದರವಾದ ಕನ್ನಡ ವಾಕ್ಯವಾಗಿ ಹೆಣೆಯಹೊರಟವನು ಕ್ರಮವನ್ನು ತಿರುಗಿಸಬೇಕಾಗುತ್ತದೆ. ತಿರುಗಿಸುವಾಗ ಯಾವುದು ಮೂಲ, ಯಾವುದು ತಾತ್ಕಾಲಿಕ ಎಂಬುದು ಕಲಸಿಹೋಗುತ್ತದೆ. ಆದುದರಿಂದ ನಮೂನೆಯನ್ನು ನಮೂನೆಯಾಗಿಯೇ ಅನುವಾದಿಸತಕ್ಕದ್ದು. ಸಾಲಿಗೆ ಸಾಲು, ಅಂಕಣಕ್ಕೆ ಅಂಕಣ, ನಡುವೆ ‘ಇದರ ಪರಿಣಾಮವಾಗಿ’ ಎಂಬ ಮುದ್ರಿತ ಪದಗಳ ಸಹಿತ ಉಳಿಸಿಕೊಳ್ಳಬೇಕು. ಖಾಲಿ ಬಿಟ್ಟ ಸಾಲನ್ನು ‘ಖಾಲಿ’ ಎಂದೇ ತೋರಿಸಬೇಕು.

ಇದರ ವಿಲೋಮವೂ ಇದೆ. ಊರಿನ ಪೋಲೀಸರ ಪಂಚನಾಮೆಯಲ್ಲಿಯೋ ವೈದ್ಯರ ಕನ್ನಡ ಪತ್ರದಲ್ಲಿಯೋ ಕಾರಣವು ಉದ್ದವಾದ ಒಂದೇ ವಾಕ್ಯದಲ್ಲಿದ್ದರೆ, ಅದನ್ನು ಇಂಗ್ಲಿಷಿಗೆ ತರುವಾಗ ನಮೂನೆಯ ಸಾಲುಗಳಾಗಿ ಒಡೆಯಬಾರದು. ಹಾಗೆ ಒಡೆಯುವುದೆಂದರೆ ಮೂಲಕಾರಣ ಯಾವುದೆಂದು ನಿರ್ಣಯಿಸಿದಂತೆ. ಆ ಅಧಿಕಾರ ವೈದ್ಯರದೇ ಹೊರತು ಭಾಷಾಂತರಕಾರನದಲ್ಲ.

ಒಂದೇ ಬಗೆಯಾಗಿ ಕಾಣುವ ಪದಗಳು

ಹೃದಯಕ್ಕೆ ಸಂಬಂಧಿಸಿದ ಮೂರು ಪದಗಳಲ್ಲಿ ಆಗುವಷ್ಟು ತಪ್ಪು ಬೇರಾವುದರಲ್ಲಿಯೂ ಆಗುವುದಿಲ್ಲ. ‘ಹಾರ್ಟ್ ಅಟ್ಯಾಕ್’ ಅಥವಾ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಹೋಗುವ ನಾಳ ಮುಚ್ಚಿ ಸ್ನಾಯುವಿನ ಭಾಗ ಸಾಯುವುದು. ಇದು ಹೃದಯಾಘಾತ, ಒಂದು ರೋಗ. ‘ಕಾರ್ಡಿಯಾಕ್ ಅರೆಸ್ಟ್’ ಎಂದರೆ ಹೃದಯದ ಬಡಿತ ನಿಲ್ಲುವುದು, ಇದು ಹೃದಯಸ್ತಂಭನ. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆಯಾದ್ದರಿಂದ, ಇದು ಮರಣದ ರೀತಿಯನ್ನು ಹೇಳುವುದೇ ಹೊರತು ಅದರ ಕಾರಣವನ್ನಲ್ಲ. ಹೃದಯಸ್ತಂಭನ, ಉಸಿರಾಟ ನಿಲ್ಲುವುದು ಇಂಥವುಗಳನ್ನು ಕಾರಣವೆಂದು ಬರೆಯಬಾರದೆಂದು ನಮೂನೆಯೇ ವೈದ್ಯರಿಗೆ ಸೂಚಿಸುತ್ತದೆ. ಆದರೂ ಬರೆಯುವವರು ಬಹಳ. ಮೂರನೆಯದು ‘ಹಾರ್ಟ್ ಫೇಲ್ಯೂರ್’, ಅಂದರೆ ಹೃದಯವು ರಕ್ತವನ್ನು ಸಾಕಷ್ಟು ತಳ್ಳಲಾರದ ಸ್ಥಿತಿ, ಹೃದಯವೈಫಲ್ಯ. ಇದು ವರ್ಷಗಟ್ಟಲೆ ಇರಬಹುದಾದ ಕಾಯಿಲೆ.

ಆಡುಮಾತಿನಲ್ಲಿ ಈ ಮೂರನ್ನೂ ‘ಹಾರ್ಟ್ ಫೇಲಾಯಿತು’ ಎನ್ನುವುದು ರೂಢಿ. ವಿಮೆಯ ಕಚೇರಿಯಲ್ಲಿ ಇವುಗಳ ವ್ಯತ್ಯಾಸ ಬಹು ದೊಡ್ಡದು. ‘ಹೃದಯಸ್ತಂಭನ’ವನ್ನು ‘ಹೃದಯವೈಫಲ್ಯ’ವೆಂದು ಅನುವಾದಿಸಿದರೆ, ಮೃತರಿಗೆ ಮೊದಲೇ ಹೃದ್ರೋಗವಿತ್ತೇ, ಪಾಲಿಸಿ ಮಾಡಿಸುವಾಗ ಅದನ್ನು ಮುಚ್ಚಿಟ್ಟರೇ ಎಂಬ ಪ್ರಶ್ನೆ ಹುಟ್ಟುತ್ತದೆ.

‘ಪಾರ್ಶ್ವವಾಯು’ ಎಂಬುದು ಇನ್ನೊಂದು. ಕನ್ನಡದಲ್ಲಿ ಅದು ಮೆದುಳಿನ ಆಘಾತಕ್ಕೂ ಅದರಿಂದ ಮೈಯ ಒಂದು ಬದಿ ಬಿದ್ದುಹೋಗುವುದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಸ್ಟ್ರೋಕ್’, ಎರಡನೆಯದು ‘ಪೆರಾಲಿಸಿಸ್’. ‘ಕಾಮಾಲೆ’ಯು ರೋಗವಲ್ಲ, ಲಕ್ಷಣ, ಅದನ್ನು ‘ಹೆಪಟೈಟಿಸ್’ ಎಂದು ಬರೆದರೆ ಇಲ್ಲದ ನಿದಾನವನ್ನು ಸೇರಿಸಿದಂತೆ. ‘ಗಡ್ಡೆ’ ಎಂದರೆ ಬೆಳವಣಿಗೆ ಮಾತ್ರ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಆ ಪದ ಹೇಳುವುದಿಲ್ಲ. ‘ಪಾಯ್ಸನಿಂಗ್’ ಎಂಬುದಕ್ಕೆ ‘ವಿಷಪ್ರಾಶನ’ ಎಂದು ಬರೆದರೆ ಯಾರೋ ತಿಂದರು ಅಥವಾ ತಿನ್ನಿಸಿದರು ಎಂಬ ಛಾಯೆ ಬರುತ್ತದೆ. ಕೀಟನಾಶಕ ಸಿಂಪಡಿಸುವಾಗ ಮೈಗೆ ಸೋಕಿ ಸತ್ತವನಿಗೂ ಇದೇ ಇಂಗ್ಲಿಷ್ ಪದ ಸಲ್ಲುವುದರಿಂದ ‘ವಿಷಬಾಧೆ’ ಎಂಬುದೇ ಸರಿಯಾದ ಮಾತು. ಶವಪರೀಕ್ಷಾ ವರದಿಯಲ್ಲಿ ‘ಅಭಿಪ್ರಾಯವನ್ನು ಕಾದಿರಿಸಲಾಗಿದೆ’ ಎಂದಿದ್ದರೆ, ಅಂದರೆ ರಾಸಾಯನಿಕ ಪರೀಕ್ಷೆಯ ಫಲ ಇನ್ನೂ ಬರಬೇಕಾಗಿದ್ದರೆ, ಹಾಗೆಯೇ ಬರೆಯಬೇಕು. ಮನೆಯವರು ಹೇಳಿದ ಕಾರಣದಿಂದ ಆ ಜಾಗವನ್ನು ತುಂಬಬಾರದು.

ಒಂದು ಉದಾಹರಣೆ

ಈ ಮಾತುಗಳೆಲ್ಲ ಕೂಡಿಬರುವ ಒಂದು ಕಲ್ಪಿತ ಪ್ರಸಂಗವನ್ನು ನೋಡಬಹುದು. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ 52 ವರ್ಷದ ಗೃಹಸ್ಥರೊಬ್ಬರು 2022ರ ಜುಲೈಯಲ್ಲಿ ಅಪಘಾತ ಸೌಲಭ್ಯದೊಡನೆ ಜೀವವಿಮೆ ಮಾಡಿಸಿದ್ದರು. 2024ರ ಮಾರ್ಚ್‌ನಲ್ಲಿ ಕುಂದಾಪುರದ ಕಡೆಯ ತಮ್ಮ ಮನೆಗೆ ಬಂದಾಗ, 3ನೆಯ ತಾರೀಖು ಬಾವಿಕಟ್ಟೆಯ ಬಳಿ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ತೊಡೆಮೂಳೆಯ ಕತ್ತು ಮುರಿದಿತ್ತು. 5ರಂದು ಶಸ್ತ್ರಚಿಕಿತ್ಸೆಯಾಯಿತು. 12ರಂದು, ಅಂದರೆ ಬಿದ್ದ ಒಂಬತ್ತನೆಯ ದಿನ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಂಡು ಒಂದು ಗಂಟೆಯೊಳಗೆ ತೀರಿಕೊಂಡರು. ಪೋಲೀಸರು ಅಸ್ವಾಭಾವಿಕ ಮರಣವೆಂದು ದಾಖಲಿಸಿ ಪಂಚನಾಮೆ ಮಾಡಿದರು, ಶವಪರೀಕ್ಷೆಯೂ ಆಯಿತು. ಬಳಿಕ ಬರೆದ ಕಾರಣಪತ್ರದ ಮೊದಲ ಭಾಗದಲ್ಲಿ, ಮೇಲಿನ ಸಾಲಿನಲ್ಲಿ ‘ಪಲ್ಮನರಿ ಎಂಬಾಲಿಸಂ, 1 ಗಂಟೆ’, ಎರಡನೆಯ ಸಾಲಿನಲ್ಲಿ ‘ತೊಡೆಮೂಳೆಯ ಕತ್ತಿನ ಮುರಿತ, ಶಸ್ತ್ರಚಿಕಿತ್ಸೆಯಾದದ್ದು, 9 ದಿನ’, ಮೂರನೆಯ ಸಾಲಿನಲ್ಲಿ ‘ಮನೆಯಂಗಳದಲ್ಲಿ ಬಿದ್ದದ್ದು, 9 ದಿನ’ ಎಂದು ಇತ್ತು. ಎರಡನೆಯ ಭಾಗದಲ್ಲಿ ‘ಮಧುಮೇಹ, 6/12’ ಎಂದಿತ್ತು. ಮರಣದ ಬಗೆಯ ಅಂಕಣದಲ್ಲಿ ‘ಅಪಘಾತ’ಕ್ಕೆ ಗುರುತು ಹಾಕಲಾಗಿತ್ತು.

ವಿಮೆಯ ಶಾಖೆ ಮುಂಬಯಿಯಲ್ಲಿದ್ದುದರಿಂದ ಕನ್ನಡದ ಪಂಚನಾಮೆಯನ್ನು ಇಂಗ್ಲಿಷಿಗೆ ಅನುವಾದಿಸಬೇಕಾಯಿತು. ಜೊತೆಗೆ ಕಾರಣಪತ್ರದ ಸಾರಾಂಶವನ್ನೂ ಮನೆಯವರು ಬರೆಯಿಸಿದರು. ಮೊದಲನೆಯ ಅನುವಾದದಲ್ಲಿ ಮೂರು ತಪ್ಪುಗಳಾದವು.

ಮೊದಲನೆಯದು ಅಂಗದ ಹೆಸರು. ಪಂಚನಾಮೆಯಲ್ಲಿ ‘ಸೊಂಟದ ಮೂಳೆ ಮುರಿದು’ ಎಂದಿತ್ತು. ಆಡುಗನ್ನಡದಲ್ಲಿ ಸೊಂಟವೆಂದರೆ ನಡು, ಬೆನ್ನಿನ ಕೆಳಭಾಗ, ತೊಡೆಯ ಕೀಲು ಎಲ್ಲವೂ ಆಗಬಹುದು. ಅನುವಾದಕನು ಅದನ್ನು ಬೆನ್ನುಮೂಳೆಯೆಂದು ಬರೆದ. ಆಸ್ಪತ್ರೆಯ ಪತ್ರದಲ್ಲಿ ತೊಡೆಮೂಳೆ, ಪೋಲೀಸರ ಪತ್ರದಲ್ಲಿ ಬೆನ್ನುಮೂಳೆ. ಎರಡು ಬೇರೆ ಗಾಯಗಳೇ ಎಂಬ ಸಂಶಯಕ್ಕೆ ಎಡೆಯಾಯಿತು. ಇಲ್ಲಿ ಸರಿಯಾದ ಮಾರ್ಗವೆಂದರೆ ‘ಹಿಪ್ ಬೋನ್’ ಎಂದು ಬರೆದು, ಅಡಿಯಲ್ಲಿ ‘ಮೂಲಪದ ಸೊಂಟ, ವಾಡಿಕೆಯಲ್ಲಿ ಇದು ತೊಡೆಯ ಕೀಲಿನ ಭಾಗವನ್ನೂ ಸೂಚಿಸುತ್ತದೆ’ ಎಂದು ಅನುವಾದಕನ ಟಿಪ್ಪಣಿಯೆಂದು ಸ್ಪಷ್ಟವಾಗಿ ಗುರುತಿಸಿ ಸೇರಿಸುವುದು. ಆಸ್ಪತ್ರೆಯ ಪತ್ರವನ್ನು ನೋಡಿಕೊಂಡು ಪಂಚನಾಮೆಯ ಅನುವಾದದೊಳಗೆ ‘ತೊಡೆಮೂಳೆಯ ಕತ್ತು’ ಎಂದು ತಿದ್ದುವುದು ಕೂಡ ತಪ್ಪೇ.

ಎರಡನೆಯದು ಕಾರಣದ ಸರಪಳಿ. ಸಾರಾಂಶದಲ್ಲಿ ‘ಶ್ವಾಸಕೋಶದ ತೊಂದರೆ ಮತ್ತು ಮಧುಮೇಹದಿಂದ ಮರಣ, ಕಾಲಿನ ಮುರಿತವೂ ಇತ್ತು’ ಎಂದು ಬರೆಯಲಾಗಿತ್ತು. ಅಪಘಾತ ಸೌಲಭ್ಯದ ಷರತ್ತು ಸಾಮಾನ್ಯವಾಗಿ ಹೀಗಿರುತ್ತದೆ: ಹೊರಗಿನಿಂದ, ಬಲವಾಗಿ, ಕಣ್ಣಿಗೆ ಕಾಣುವಂತೆ ಆದ ಅಪಘಾತದ ಗಾಯವು, ಬೇರಾವ ಕಾರಣವೂ ಸೇರದೆ, ನೇರವಾಗಿ ಮರಣವನ್ನು ಉಂಟುಮಾಡಿರಬೇಕು, ಅದೂ 180 ದಿನಗಳೊಳಗೆ. ಮೂಲಪತ್ರದ ಪ್ರಕಾರ ಬಿದ್ದದ್ದೇ ಮೂಲಕಾರಣ. ಮುರಿತ, ಹೆಪ್ಪು, ಮರಣ ಅದರ ಪರಿಣಾಮಗಳು. ಮಧುಮೇಹವು ಸರಪಳಿಯ ಹೊರಗೆ ಎರಡನೆಯ ಭಾಗದಲ್ಲಿದೆ. ಸಾರಾಂಶವು ಮಧುಮೇಹವನ್ನು ಸರಪಳಿಯೊಳಗೆ ಎಳೆದುತಂದು, ಬಿದ್ದುದನ್ನು ಬಿಟ್ಟೇಬಿಟ್ಟಿತು. ಷರತ್ತು ಪೂರೈಸಿತೇ ಇಲ್ಲವೇ ಎಂಬುದನ್ನು ವಿಮಾ ಸಂಸ್ಥೆ ನಿರ್ಣಯಿಸಲಿ. ಮೂಲಪತ್ರವು ಹೇಳಿದ ಮಾತು ಅದರ ಮುಂದೆ ಕೆಡದೆ ಹೋಗಬೇಕು, ಅಷ್ಟೇ.

ಮೂರನೆಯದು ‘6/12’. ಅನುವಾದಕನು ಇದನ್ನು ‘6ರಿಂದ 12 ವರ್ಷ’ ಎಂದು ತಿಳಿದ. ವೈದ್ಯರ ಸಂಕೇತದಲ್ಲಿ ಭಿನ್ನರಾಶಿಯ ಕೆಳಗಿನ ಅಂಕೆ 12 ಆದರೆ ತಿಂಗಳು, 52 ಆದರೆ ವಾರ, 7 ಆದರೆ ದಿನ. 6/12 ಎಂದರೆ ಆರು ತಿಂಗಳು. 2024ರ ಮಾರ್ಚ್‌ನಿಂದ ಹಿಂದಕ್ಕೆ ಆರು ತಿಂಗಳೆಂದರೆ 2023ರ ಸೆಪ್ಟೆಂಬರ್. ಪಾಲಿಸಿ ಮಾಡಿಸಿ ಒಂದು ವರ್ಷ ಕಳೆದ ಮೇಲೆ ಮಧುಮೇಹ ಗೊತ್ತಾಗಿತ್ತು. ವರ್ಷಗಳೆಂದು ಬರೆದುದರಿಂದ ಅದು ಪಾಲಿಸಿಗಿಂತ ಹಿಂದಿನದಾಯಿತು. ವಿಮಾ ಅಧಿನಿಯಮ, 1938ರ 45ನೆಯ ಕಲಮಿನಂತೆ, 2015ರ ತಿದ್ದುಪಡಿಯ ಬಳಿಕ, ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ. ಈ ಪ್ರಸಂಗದಲ್ಲಿ ಮೂರು ವರ್ಷ ತುಂಬಿರಲಿಲ್ಲ. ಆದ್ದರಿಂದ ರೋಗವನ್ನು ಮುಚ್ಚಿಟ್ಟರೆಂಬ ಆಕ್ಷೇಪಕ್ಕೆ ದಾರಿಯಾಯಿತು. ಅಪಘಾತ ಸೌಲಭ್ಯ ಮಾತ್ರವಲ್ಲದೆ ಮೂಲ ವಿಮೆಯ ಮೊತ್ತವೇ ಪ್ರಶ್ನೆಗೊಳಗಾಯಿತು.

ಇದಕ್ಕೆ ಪರಿಹಾರವೂ ಕ್ರಮಬದ್ಧವಾದುದೇ. ಸಾರಾಂಶವನ್ನು ಹಿಂತೆಗೆದುಕೊಂಡು, ಇಡೀ ಪತ್ರಗಳ ಪೂರ್ಣ ಅನುವಾದವನ್ನು ಮೂಲಪ್ರತಿಯೊಡನೆ ಒಪ್ಪಿಸಬೇಕು. ಸಂಕೇತಗಳಿಗೆ ಪತ್ರ ಬರೆದ ವೈದ್ಯರಿಂದಲೇ ಅರ್ಥವನ್ನು ಲಿಖಿತವಾಗಿ ಪಡೆಯಬೇಕು. ಮಧುಮೇಹವನ್ನು ಮೊದಲು ಕಂಡುಹಿಡಿದ ರಕ್ತಪರೀಕ್ಷೆಯ ಕಾಗದವಿದ್ದರೆ ಅದನ್ನು ಲಗತ್ತಿಸಬೇಕು. ಪಂಚನಾಮೆಯ ‘ಅಸ್ವಾಭಾವಿಕ ಮರಣ’ ಎಂಬ ಮಾತಿಗೆ ಮನೆಯವರು ಅಂಜಬೇಕಾಗಿಲ್ಲ. ಅದು ಆಗ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಕೆಳಗೆ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನ ಕೆಳಗೆ ನಡೆಯುವ ವಿಚಾರಣೆಯ ಹೆಸರು ಮಾತ್ರ. ಅಪಘಾತವೂ ಅದರಲ್ಲಿ ಸೇರುತ್ತದೆ. ಅನುವಾದದಲ್ಲಿ ಅದನ್ನು ‘ಸಂಶಯಾಸ್ಪದ’ ಎಂದು ಗಾಢಗೊಳಿಸುವುದೂ, ‘ಸಹಜ’ ಎಂದು ಮೃದುಗೊಳಿಸುವುದೂ ಸಮಾನವಾದ ಅಪಚಾರ.

ಉತ್ತರಾಧಿಕಾರದ ಕಾರ್ಯದಲ್ಲಿ

ಆಸ್ತಿಯ ಹಕ್ಕು ಬದಲಾವಣೆಗೆ ಮರಣದ ಕಾರಣ ಬೇಕಾಗುವುದಿಲ್ಲ. ಪೌತಿ ಖಾತೆಗೆ ಅರ್ಜಿ ಹಾಕುವವರು ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಒಪ್ಪಿಸಿದರೆ, ಅಧಿಕಾರಿ ನೋಡುವುದು ಸತ್ತವನೂ ಪಹಣಿಯಲ್ಲಿರುವವನೂ ಒಬ್ಬನೇ ಹೌದೇ ಎಂಬುದನ್ನು. ಆದ್ದರಿಂದ ಕಾರಣಪತ್ರವನ್ನು ಅಲ್ಲಿ ಲಗತ್ತಿಸದಿರುವುದೇ ಲೇಸು.

ಅಲ್ಲಿ ತೊಡಕಾಗುವುದು ಹೆಸರು. ಮುಂಬಯಿಯ ಪ್ರಮಾಣಪತ್ರದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಕುಲನಾಮ ಈ ಕ್ರಮದಲ್ಲಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಊರಿನ ಪಹಣಿಯಲ್ಲಿ ‘ಕೃಷ್ಣಯ್ಯ ಬಿನ್ ರಾಮಯ್ಯ’ ಎಂದಿರಬಹುದು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಇವು ಹೆಸರಿನ ಭಾಗಗಳಲ್ಲ. ಇವನ್ನು ಕುಲನಾಮವೆಂದು ಭಾವಿಸಿ ಅನುವಾದಿಸಿದ ಪತ್ರಗಳು ಅಪರೂಪವಲ್ಲ. ಅನುವಾದಕನು ಎರಡು ರೂಪಗಳನ್ನು ಹೊಂದಿಸಹೋಗದೆ, ಮೂಲದಲ್ಲಿ ಇರುವ ಅಕ್ಷರಗಳನ್ನೇ ಉಳಿಸಬೇಕು. ಇಬ್ಬರೂ ಒಬ್ಬರೇ ಎಂಬುದನ್ನು ವಾರಸುದಾರರು ಪ್ರಮಾಣಪತ್ರದ ಮೂಲಕ, ಅಂದರೆ ಅಫಿಡವಿಟ್ಟಿನ ಮೂಲಕ, ಬೇರೆಯಾಗಿ ಹೇಳಿಕೊಳ್ಳಬೇಕು. ಮೂಲದಲ್ಲಿಯೇ ಹೆಸರು ತಪ್ಪಾಗಿದ್ದರೆ, 1969ರ ಅಧಿನಿಯಮದ 15ನೆಯ ಕಲಮಿನಂತೆ ನೋಂದಣಾಧಿಕಾರಿಯಿಂದ ತಿದ್ದುಪಡಿ ಮಾಡಿಸಿದ ಮೇಲೆ ಭಾಷಾಂತರಕ್ಕೆ ಕೊಡುವುದು ಯೋಗ್ಯ. ಮರಣದ ದಿನಾಂಕ, ನೋಂದಣಿಯ ದಿನಾಂಕ, ಪತ್ರ ಕೊಟ್ಟ ದಿನಾಂಕ ಈ ಮೂರನ್ನೂ ಬೇರೆ ಬೇರೆಯಾಗಿ, ತಿಂಗಳನ್ನು ಅಕ್ಷರದಲ್ಲಿ ಬರೆದು ತೋರಿಸಬೇಕು.

ದೃಢೀಕರಣ

ನೋಟರಿ ಅಧಿನಿಯಮ, 1952ರ 8ನೆಯ ಕಲಮು, ದಾಖಲೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಮತ್ತು ಅನುವಾದವನ್ನು ಪರಿಶೀಲಿಸಿ ದೃಢಪಡಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. ಮುಂಬಯಿಯ ಎಲ್ಲ ನೋಟರಿಗಳಿಗೂ ಕನ್ನಡ ಬಾರದು. ಆದುದರಿಂದ ಕನ್ನಡ ಬಲ್ಲ ಅನುವಾದಕನು ತನ್ನ ಹೆಸರು, ವಿಳಾಸ ಬರೆದು, ತನಗೆ ಎರಡೂ ಭಾಷೆಗಳು ತಿಳಿದಿವೆ, ಅನುವಾದವು ಪೂರ್ಣವೂ ಯಥಾರ್ಥವೂ ಆಗಿದೆ ಎಂದು ಹೇಳಿಕೆಯನ್ನು ಕೊಟ್ಟು, ಅದಕ್ಕೆ ನೋಟರಿಯ ಮುಂದೆ ಪ್ರಮಾಣ ಮಾಡುವುದು ರೂಢಿ. ವಾರಸುದಾರನೋ ನಾಮಿನಿಯೋ ತಾನೇ ಅನುವಾದಕನಾಗಬಾರದು. ಲಾಭ ಹೊಂದುವವನ ಅನುವಾದಕ್ಕೆ ತೂಕ ಕಡಿಮೆ. ಪ್ರತಿ ಪುಟಕ್ಕೂ ಸಹಿ ಹಾಕಿ, ಮೊಹರು ಇದ್ದಲ್ಲಿ ‘ದುಂಡು ಮೊಹರು’ ಎಂದೂ, ಓದಲಾಗದ ಕಡೆ ‘ಅಸ್ಪಷ್ಟ’ ಎಂದೂ ಬರೆಯಬೇಕು.

ಕೊನೆಗೆ ಒಂದು ಪರೀಕ್ಷೆ ಸಾಕು. ಮೂಲಪತ್ರವನ್ನು ನೋಡದ, ಎರಡೂ ಭಾಷೆ ಬಲ್ಲ ಇನ್ನೊಬ್ಬರ ಕೈಗೆ ಅನುವಾದವನ್ನು ಕೊಟ್ಟು ಮೂರು ಪ್ರಶ್ನೆ ಕೇಳಬೇಕು: ಎಲ್ಲಕ್ಕೂ ಮೂಲವಾದ ಕಾರಣ ಯಾವುದು, ಅದು ಆರಂಭವಾಗಿ ಎಷ್ಟು ಕಾಲವಾಗಿತ್ತು, ಸರಪಳಿಯ ಹೊರಗಿನ ಕಾಯಿಲೆ ಯಾವುದು. ಅವರ ಉತ್ತರಗಳನ್ನು ಮೂಲದೊಡನೆ ತಾಳೆ ನೋಡಿ, ಮೂರೂ ಸರಿಹೊಂದಿದ ಮೇಲೆ ಪತ್ರವನ್ನು ನೋಟರಿಯ ಬಳಿಗೆ ಒಯ್ಯಬಹುದು.